ಸಹಾಯ ಬೇಕು: ಜರ್ಮನಿಯ 1.7 ಗ್ರೇಡ್, ವಾಪಸ್ ಬಂದ ಕಾರಣ, ಎರಡನ್ನೂ ಕವರ್ ಲೆಟರ್‌ನಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಜರ್ಮನಿಯಲ್ಲಿ ಕೊಳಚೆ ನೀರಿನ ಶುದ್ಧೀಕರಣದ ಮೇಲೆ ಎರಡು ವರ್ಷದ ಮಾಸ್ಟರ್ಸ್ ಮುಗಿಸಿ ವಾಪಸ್ ಬಂದಿದ್ದೇನೆ. ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ, ಕವರ್ ಲೆಟರ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ನನ್ನ ಗ್ರೇಡ್ 1.7. ಅಲ್ಲಿ 1.0 ಅಂದರೆ ಅತ್ಯುತ್ತಮ, 4.0 ಅಂದರೆ ಬರೀ ಪಾಸು. ಆದರೆ ಇಲ್ಲಿ ಒಬ್ಬರು ಅದನ್ನು ಹತ್ತಕ್ಕೆ 1.7 ಅಂತಲೇ ಓದಿಕೊಂಡರು! ಶೇಕಡಾವಾರು ಲೆಕ್ಕಕ್ಕೆ ತಿರುಗಿಸೋಣ ಅಂದರೆ ಅಂಕಪಟ್ಟಿಯಲ್ಲಿ ಆ ಸಂಖ್ಯೆಯೇ ಇಲ್ಲ. ನಾಳೆ ದಾಖಲೆ ನೋಡಿದಾಗ ತಾಳೆ ಆಗಬೇಕಲ್ವಾ? ಈಗ ಹೀಗೆ ಬರೆದಿದ್ದೇನೆ: "ಅಂತಿಮ ಗ್ರೇಡ್ 1.7 (1.0 ಅತ್ಯುತ್ತಮ, 4.0 ಕನಿಷ್ಠ ಪಾಸು)". ಇದು ಸರಿ ಅನ್ನಿಸುತ್ತಿದೆ.

ನಿಜವಾದ ಗೊಂದಲ ಕಾರಣದ್ದು. ಅಲ್ಲಿ ಓದಿದವರಿಗೆ ಕೆಲಸ ಹುಡುಕಲು 18 ತಿಂಗಳವರೆಗೆ ಇರಲು ಅನುಮತಿ ಸಿಗುತ್ತದೆ. ನಾನು ಅದನ್ನು ಬಳಸದೆ ಬಂದೆ. ಹಾಗಾಗಿ ಕೆಲಸ ಸಿಗದೆ ಬಂದಿರಬೇಕು ಅಂದುಕೊಳ್ಳುತ್ತಾರೆ. ಅಪ್ಪನ ಆರೋಗ್ಯ ಒಂದು ಕಾರಣ. ಸಣ್ಣ ಊರುಗಳ ಶುದ್ಧೀಕರಣ ಘಟಕಗಳಲ್ಲೇ ಕೆಲಸ ಮಾಡಬೇಕು ಅನ್ನೋದು ಇನ್ನೊಂದು, ನನ್ನ ಥೀಸಿಸ್ ಕೂಡ ಅದರ ಮೇಲೆಯೇ. ಮೊದಲ ಕರಡಿನಲ್ಲಿ ಅಪ್ಪನ ವಿಷಯ ಪೂರ್ತಿ ಬರೆದೆ, ಓದಿದರೆ ಅನುಕಂಪ ಕೇಳಿದ ಹಾಗಿತ್ತು. ಎರಡನೆಯದರಲ್ಲಿ ಪೂರ್ತಿ ತೆಗೆದೆ, ಆಗ ಏನೋ ಮುಚ್ಚಿಟ್ಟ ಹಾಗೆ ಕಂಡಿತು.

ಅರ್ಜಿಗಳನ್ನು ಓದಿ ಆಯ್ಕೆ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ಮನೆಯ ಕಾರಣವನ್ನು ಒಂದು ಸಾಲಿನಲ್ಲಿ ಪತ್ರದಲ್ಲೇ ಹೇಳಬೇಕಾ, ಅಥವಾ ಥೀಸಿಸ್ ಕಾರಣ ಮಾತ್ರ ಬರೆದು ಇದನ್ನು ಸಂದರ್ಶನಕ್ಕೆ ಬಿಡಬೇಕಾ?