ನಮ್ಮ ಫುಟ್‌ಬಾಲ್ ಲೀಗ್‌ಗೆ ರೇಟಿಂಗ್ ಮಾಡೋದು ಹೇಗೆ? 100 ಪಾಯಿಂಟ್ ಅಂತರ ಅಂದ್ರೆ ಗೆಲ್ಲೋ ಸಾಧ್ಯತೆ ಎಷ್ಟು?

ಪ್ರಶ್ನೆ (ಭಾನುವಾರದ ಲೀಗ್ ನಡೆಸುವವರು, ಬೆಂಗಳೂರು): ನಮ್ಮಲ್ಲಿ 8 ಟೀಮ್ ಇವೆ. ಪ್ರತಿ ಟೀಮ್ ಉಳಿದವರ ಜೊತೆ ಎರಡೆರಡು ಸಲ ಆಡುತ್ತದೆ. ಎರಡು ಸೀಸನ್‌ನ ರಿಸಲ್ಟ್ ಶೀಟಲ್ಲಿದೆ. ಪಾಯಿಂಟ್ಸ್ ಟೇಬಲ್ ನೋಡಿದ್ರೆ ಸೀಸನ್ ಮಧ್ಯದಲ್ಲಿ ಏನೂ ಗೊತ್ತಾಗಲ್ಲ, ಯಾಕಂದ್ರೆ ಒಬ್ಬರಿಗೆ ಮೊದಲೇ ಸುಲಭದ ಮ್ಯಾಚ್ ಸಿಕ್ಕಿರುತ್ತೆ. ಬರೀ ರಿಸಲ್ಟ್ ಇಟ್ಕೊಂಡು ರೇಟಿಂಗ್ ಮಾಡಿ, ಪ್ರತಿ ಮ್ಯಾಚ್ ಆದ್ಮೇಲೆ ಬದಲಾಯಿಸಿ, ಮುಂದಿನ ಮ್ಯಾಚ್ ಗೆಲ್ಲೋ ಸಾಧ್ಯತೆ ಹೇಳೋದು ಹೇಗೆ ಮೇಡಂ?

ಉತ್ತರ (ಕ್ರೀಡಾ ಅಂಕಿಅಂಶದ ಕೆಲಸ ಮಾಡುವವರು): ಸರ್, ಚೆಸ್‌ನಿಂದ ಬಂದ ಈಲೋ ಪದ್ಧತಿಯೇ ಸಾಕು. ಫಿಫಾ ಕೂಡ ಪುರುಷರ ಪಟ್ಟಿಗೆ 2018ರಿಂದ ಇದೇ ಜಾತಿಯ ಲೆಕ್ಕ ಬಳಸುತ್ತಿದೆ. ಎಲ್ಲ ಟೀಮಿಗೂ 1500 ಕೊಟ್ಟು ಶುರು ಮಾಡಿ. ಆಮೇಲೆ ಎರಡೇ ಸಾಲು:

```
E = 1 / (1 + 10^((Rb - Ra)/400))
Ra_new = Ra + K*(S - E)
```

Ra ನಿಮ್ಮ ಟೀಮಿನ ರೇಟಿಂಗ್, Rb ಎದುರಾಳಿಯದು. E ಅಂದರೆ ನಿಮ್ಮ ಟೀಮಿನಿಂದ ಎಷ್ಟು ನಿರೀಕ್ಷೆ ಇತ್ತು ಅನ್ನೋದು, S ಅಂದರೆ ನಿಜವಾಗಿ ಆದದ್ದು. ಗೆದ್ದರೆ 1, ಡ್ರಾ ಆದರೆ 0.5, ಸೋತರೆ 0. K ಅಂದರೆ ಒಂದು ಮ್ಯಾಚಿಗೆ ಎಷ್ಟು ಬೆಲೆ ಕೊಡುತ್ತೀರಿ ಅನ್ನೋದು.

ಹಸಿರು ಟೀಮ್ 1560, ನೀಲಿ ಟೀಮ್ 1460 ಅಂತ ಇಟ್ಟುಕೊಳ್ಳಿ. ಅಂತರ 100, E 0.64 ಬರುತ್ತದೆ. K 30 ಇಟ್ಟರೆ, ಹಸಿರು ಗೆದ್ದಾಗ 30 × 0.36, ಅಂದರೆ 10.8 ಸಿಗುತ್ತದೆ. ಸೋತರೆ 19.2 ಹೋಗುತ್ತದೆ. ಡ್ರಾ ಆದರೂ 4.2 ಹೋಗುತ್ತದೆ, ಯಾಕೆಂದರೆ ಅವರಿಂದ ಅರ್ಧಕ್ಕಿಂತ ಜಾಸ್ತಿ ನಿರೀಕ್ಷೆ ಇತ್ತು. ಹಸಿರು ಎಷ್ಟು ಕಳೆದುಕೊಂಡಿತೋ ನೀಲಿಗೆ ಅಷ್ಟೇ ಸೇರುತ್ತದೆ. ಸುಲಭದ ಮ್ಯಾಚ್ ಮೊದಲು ಸಿಕ್ಕವರ ಸಮಸ್ಯೆ ಇಲ್ಲೇ ಬಹಳಷ್ಟು ಕಡಿಮೆಯಾಗುತ್ತದೆ. ಸುಲಭದವರನ್ನು ಗೆದ್ದರೆ ಸಿಗೋದೇ ಕಮ್ಮಿ.

ಶೀಟಲ್ಲಿ ಒಂದು ತಪಾಸಣೆ ಇಟ್ಟುಕೊಳ್ಳಿ. ನಿಮ್ಮ 8 ಟೀಮಿನ ಮೊತ್ತ ಯಾವಾಗ ಕೂಡಿದರೂ 12000 ಬರಬೇಕು. ಬರಲಿಲ್ಲ ಅಂದರೆ ಹೆಚ್ಚಾಗಿ ಆಗಿರೋದು ಇಷ್ಟೇ: ಹಸಿರಿನ ರೇಟಿಂಗ್ ಮೊದಲು ಬದಲಾಯಿಸಿ, ಆ ಹೊಸ ರೇಟಿಂಗ್ ಇಟ್ಟುಕೊಂಡು ನೀಲಿಯ ಲೆಕ್ಕ ಮಾಡಿರುತ್ತೀರಿ. ಎರಡೂ ಟೀಮಿಗೆ ಮ್ಯಾಚಿಗೆ ಮುಂಚಿನ ರೇಟಿಂಗೇ ಬಳಸಬೇಕು. ಮ್ಯಾಚ್‌ಗಳು ತಾರೀಖಿನ ಕ್ರಮದಲ್ಲೇ ಇರಬೇಕು. ಕ್ರಮ ತಪ್ಪಿದರೆ ಮೊತ್ತ ಸರಿಯಾಗೇ ಇರುತ್ತದೆ, ಆದರೆ ಒಂದೊಂದು ಟೀಮಿನ ರೇಟಿಂಗ್ ತಪ್ಪಿರುತ್ತದೆ, ಅದು ಕಣ್ಣಿಗೆ ಬೀಳೋದೇ ಇಲ್ಲ.

ಕೇಳಿದವರು: ಅಂದ್ರೆ ಹಸಿರು ಗೆಲ್ಲೋ ಸಾಧ್ಯತೆ 64%, ಸರಿನಾ?

ಉತ್ತರ: ಅಲ್ಲ ಸರ್, ಜಾಸ್ತಿ ಜನ ಎಡವೋದು ಇಲ್ಲೇ. 0.64 ಅಂದರೆ ಗೆಲ್ಲೋ ಸಾಧ್ಯತೆ ಜೊತೆಗೆ ಡ್ರಾ ಸಾಧ್ಯತೆಯ ಅರ್ಧ. ವಾಲಿಬಾಲ್‌ನಲ್ಲಿ ಡ್ರಾ ಇಲ್ಲ, ಅಲ್ಲಿ ಎರಡೂ ಒಂದೇ. ಫುಟ್‌ಬಾಲ್‌ನಲ್ಲಿ ಡ್ರಾ ಎಷ್ಟು ಆಗುತ್ತದೆ ಅಂತ ಬೇರೆಯಾಗಿ ತೆಗೆಯಲೇಬೇಕು.

ನಿಮ್ಮ ಶೀಟಲ್ಲಿ ರೇಟಿಂಗ್ ಹತ್ತಿರ ಹತ್ತಿರ ಇರುವ ಟೀಮ್‌ಗಳ ಮ್ಯಾಚ್ ಮಾತ್ರ ಆರಿಸಿ, ಅದರಲ್ಲಿ ಎಷ್ಟು ಪಾಲು ಡ್ರಾ ಆಗಿದೆ ನೋಡಿ. 0.26 ಬಂತು ಅಂತ ಇಟ್ಟುಕೊಳ್ಳೋಣ. ಅಂತರ ಹೆಚ್ಚಾದಷ್ಟೂ ಡ್ರಾ ಕಮ್ಮಿಯಾಗಬೇಕು. ಅದಕ್ಕೆ ನಾನು ಬಳಸೋದು ಹೀಗೆ:

```
D = 0.26 * 4 * E * (1 - E)
W = E - D/2
L = 1 - W - D
```

E 0.64 ಆದಾಗ D 0.24, W 0.52, L 0.24. ಅಂದರೆ ಹಸಿರು ಗೆಲ್ಲೋದು 52%, ಡ್ರಾ 24%, ಸೋಲೋದು 24%. 64ಕ್ಕೂ 52ಕ್ಕೂ ಎಷ್ಟು ವ್ಯತ್ಯಾಸ ನೋಡಿ! ಮೊದಲ ಸಾಲು ನನ್ನ ಅಂದಾಜಿನ ಸೂತ್ರ, ಎಲ್ಲರೂ ಒಪ್ಪಿದ ನಿಯಮ ಅಲ್ಲ. ಸಣ್ಣ ಲೀಗಿಗೆ ಕೆಲಸ ನಡೆಯುತ್ತದೆ.

ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬರು: K 30 ತುಂಬಾ ನಿಧಾನ ಆಯ್ತು. 60 ಇಡಿ, ಬೇಗ ಸರಿ ಜಾಗಕ್ಕೆ ಬರುತ್ತೆ. ಮತ್ತೆ 5-0 ಗೆದ್ದವರಿಗೂ 1-0 ಗೆದ್ದವರಿಗೂ ಒಂದೇ ಅಂದ್ರೆ ಮಾಹಿತಿ ವೇಸ್ಟ್ ಅಲ್ವಾ? ಗೋಲ್ ಅಂತರದಿಂದ ಗುಣಿಸಿಬಿಡಿ.

ಉತ್ತರ: ಬೇಗ ಬರುತ್ತೆ ಅನ್ನೋದು ನಿಜ, ಆದರೆ ಅಲ್ಲಿ ನಿಲ್ಲೋದಿಲ್ಲ. ಸಮಬಲದ ಎರಡು ಟೀಮ್ 1500ರಲ್ಲಿ ಇವೆ, K 60. ಒಂದು ಮ್ಯಾಚ್ ಆದರೆ ಒಬ್ಬರು 1530, ಇನ್ನೊಬ್ಬರು 1470. ಒಂದೇ ಒಂದು ರಿಸಲ್ಟಿಗೆ E 0.50ರಿಂದ 0.59ಕ್ಕೆ ಹೋಯಿತು. ಒಂದು ಪೆನಾಲ್ಟಿಯಿಂದ 1-0 ಗೆದ್ದಿದ್ದರೂ ಅಷ್ಟೇ. ಹಾಗಾಗಿ ಮೊದಲ ಐದಾರು ಸುತ್ತಿಗೆ ಎಲ್ಲ ಟೀಮಿಗೂ 50 ಇಟ್ಟು, ಆಮೇಲೆ ಎಲ್ಲರಿಗೂ ಒಟ್ಟಿಗೇ 25-30ಕ್ಕೆ ಇಳಿಸೋದು ಒಳ್ಳೆಯದು.

ಗೋಲ್ ಅಂತರದಲ್ಲಿ ಮಾಹಿತಿ ಇದೆ, ಒಪ್ಪುತ್ತೇನೆ. ಆದರೆ ನೇರವಾಗಿ 5ರಿಂದ ಗುಣಿಸಬೇಡಿ. ಬಲವಾದ ಟೀಮ್ ಗೆದ್ದಾಗ ನಾಲ್ಕೈದು ಗೋಲಲ್ಲಿ ಗೆಲ್ಲುತ್ತದೆ, ಸೋತಾಗ ಸಾಮಾನ್ಯವಾಗಿ ಒಂದು ಗೋಲಲ್ಲಿ ಸೋಲುತ್ತದೆ. ಗೆಲುವೆಲ್ಲ ದೊಡ್ಡದಾಗಿ, ಸೋಲೆಲ್ಲ ಚಿಕ್ಕದಾಗಿ ಲೆಕ್ಕಕ್ಕೆ ಬಂದು ಅಂತರ ಸುಮ್ನೆ ಉಬ್ಬುತ್ತಾ ಹೋಗುತ್ತದೆ. ದೇಶಗಳ ತಂಡಗಳಿಗೆ ಇರುವ ವರ್ಲ್ಡ್ ಫುಟ್‌ಬಾಲ್ ಈಲೋ ಪಟ್ಟಿಯಲ್ಲಿ ಎರಡು ಗೋಲಿನ ಗೆಲುವಿಗೆ K ಒಂದೂವರೆ ಪಟ್ಟು, ಮೂರಕ್ಕೆ 1.75 ಪಟ್ಟು, ಅದರ ಮೇಲೆ ಒಂದೊಂದು ಗೋಲಿಗೆ ಎಂಟನೇ ಒಂದು ಭಾಗ ಮಾತ್ರ. ಫಿಫಾ ಅಂತೂ ಗೋಲನ್ನು ನೋಡೋದೇ ಇಲ್ಲ.

ಮಗಳು ಚೆಸ್ ಆಡುವ ತಂದೆ, ಹಾಸನ: ಇದರಲ್ಲಿ ಏನೋ ಅನ್ಯಾಯ ಇದೆ ಮೇಡಂ. ನಮ್ಮ ಮಗಳು ಒಂದು ಮ್ಯಾಚೂ ಸೋಲಲಿಲ್ಲ. ಅವಳಿಗಿಂತ 100 ಕಮ್ಮಿ ಇದ್ದ ಹುಡುಗನ ಜೊತೆ ಡ್ರಾ ಮಾಡಿದ್ದಕ್ಕೆ ಪಾಯಿಂಟ್ ಕತ್ತರಿಸಿದ್ದಾರೆ. ಆರ್ಬಿಟರ್ ಹತ್ರ ದೂರು ಕೊಡಬಹುದಾ?

ಉತ್ತರ: ಅದು ತಪ್ಪಲ್ಲ ಸರ್, ಮೇಲೆ ಹಸಿರು ಟೀಮಿಗೆ ಆದದ್ದೇ ಅವಳಿಗೂ ಆಗಿದೆ. ಚಿಕ್ಕ ವಯಸ್ಸಿನವರಿಗೆ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ K 40 ಇಡುತ್ತದೆ, ಆದ್ದರಿಂದ 5.6 ಹೋಗಿರುತ್ತದೆ. ಆ ಹುಡುಗನ K ಕೂಡ 40 ಇದ್ದರೆ ಅವನಿಗೆ ಅಷ್ಟೇ ಸಿಕ್ಕಿರುತ್ತದೆ. 100 ಜಾಸ್ತಿ ಇರುವವರ ಜೊತೆ ಡ್ರಾ ಮಾಡಿದ ದಿನ ಅವಳಿಗೂ ಹಾಗೇ 5.6 ಬರುತ್ತದೆ.

ಕೇಳಿದವರು: 400 ಯಾಕೆ? ಫಿಫಾದಲ್ಲಿ 600 ಅಂತ ಎಲ್ಲೋ ಓದಿದ್ದೆ.

ಉತ್ತರ: ಹೌದು, ಫಿಫಾ 600 ಬಳಸುತ್ತದೆ. ಆ ಸಂಖ್ಯೆ ಬರೀ ಅಳತೆ. ಆದರೆ ಯಾವ ಅಳತೆಯಲ್ಲಿ ರೇಟಿಂಗ್ ಕಟ್ಟಿದಿರೋ ಅದೇ ಅಳತೆಯಲ್ಲಿ ಓದಬೇಕು. 2022ರ ವಿಶ್ವಕಪ್‌ಗೆ ಮುಂಚೆ ಫಿಫಾ ಪಟ್ಟಿಯಲ್ಲಿ ಅರ್ಜೆಂಟೀನಾ ಸುಮಾರು 1774, ಸೌದಿ ಅರೇಬಿಯಾ ಸುಮಾರು 1438. ಅಂತರ 336. 600 ಹಾಕಿದರೆ E 0.78, ಅದೇ ಅಂತರಕ್ಕೆ 400 ಹಾಕಿದರೆ 0.87. ಫಿಫಾ ರೇಟಿಂಗ್ ತಂದು 400ರ ಸೂತ್ರಕ್ಕೆ ಹಾಕುವವರು ಹೀಗೇ ದೊಡ್ಡ ಟೀಮ್‌ಗಳಿಗೆ ಇಲ್ಲದ ಬಲ ಕೊಟ್ಟುಬಿಡುತ್ತಾರೆ.

ನವೆಂಬರ್ 22ರಂದು ಸೌದಿ 2-1ರಲ್ಲಿ ಗೆದ್ದಿತು. ವಿಶ್ವಕಪ್‌ನ ಗುಂಪಿನ ಹಂತಕ್ಕೆ ಫಿಫಾದಲ್ಲಿ K ಥರದ ತೂಕ 50, ಹಾಗಾಗಿ ಅರ್ಜೆಂಟೀನಾಗೆ 39 ಪಾಯಿಂಟ್ ಹೋಯಿತು. ಅವರು ಕಪ್ ಗೆದ್ದರು, ಆದರೂ ಡಿಸೆಂಬರ್ ಪಟ್ಟಿಯಲ್ಲಿ ಬ್ರೆಜಿಲ್ ಮೊದಲು, ಅರ್ಜೆಂಟೀನಾ ಎರಡನೆಯದು. ಸೌದಿ ಎದುರಿನ ಸೋಲು ಒಂದು ಕಾರಣ. ಇನ್ನೊಂದು, ನೆದರ್ಲೆಂಡ್ಸ್ ಮತ್ತು ಫ್ರಾನ್ಸ್ ಮೇಲೆ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದದ್ದು. ಶೂಟೌಟ್ ಗೆಲುವಿಗೆ ಫಿಫಾ S ಅನ್ನು 1 ಅಲ್ಲ, 0.75 ಅಂತ ಹಿಡಿಯುತ್ತದೆ. ನಿಮ್ಮ ಲೀಗ್‌ನಲ್ಲಿ ನಾಕೌಟ್ ಇದ್ದರೆ ಈ ನಿಯಮ ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲಾಂದ್ರೆ ಫೈನಲ್ ದಿನ ಜಗಳ ಆಗುತ್ತದೆ.

ಆರ್‌ಸಿಬಿ ಅಭಿಮಾನಿ, ದಾವಣಗೆರೆ: ಮುಂದಿನ ಐಪಿಎಲ್‌ಗೆ ನಮ್ಮವರದು ಎಷ್ಟು ಬರುತ್ತೆ ಸ್ವಲ್ಪ ಹೇಳಿ ಮೇಡಂ, ಫ್ಯಾಂಟಸಿ ಟೀಮ್ ಮಾಡಬೇಕು.

ಉತ್ತರ: ಇದು ಟೀಮ್ ರೇಟಿಂಗ್, ಯಾವ ಆಟಗಾರ ಎಷ್ಟು ರನ್ ಹೊಡೀತಾನೆ ಅಂತ ಇದು ಹೇಳೋದಿಲ್ಲ. ಆದರೆ ಐಪಿಎಲ್ ನೆನಪಿಸಿದ್ದು ಒಳ್ಳೆಯದಾಯಿತು. ಮೆಗಾ ಹರಾಜು ಆದ ಮೇಲೆ ಹೆಸರು ಅದೇ ಇರುತ್ತದೆ, ಟೀಮ್ ಬೇರೆ ಆಗಿರುತ್ತದೆ. ಹಳೇ ರೇಟಿಂಗ್ ಪೂರ್ತಿ ಮುಂದಕ್ಕೆ ತಂದರೆ ತಪ್ಪಾಗುತ್ತದೆ. ಅದಕ್ಕೆ ಹೊಸ ಸೀಸನ್ ಶುರುವಾಗುವಾಗ ಪ್ರತಿ ರೇಟಿಂಗನ್ನೂ 1500ರ ಕಡೆಗೆ ಮೂರನೇ ಒಂದು ಭಾಗ ಎಳೆಯಿರಿ. 1590 ಇದ್ದದ್ದು 1560 ಆಗುತ್ತದೆ, 1440 ಇದ್ದದ್ದು 1460 ಆಗುತ್ತದೆ. ಮೊತ್ತ 12000 ಹಾಗೇ ಉಳಿಯುತ್ತದೆ.

ಕೇಳಿದವರು: ಇಷ್ಟೆಲ್ಲ ಮಾಡಿದ ಮೇಲೆ ಇದು ಕೆಲಸ ಮಾಡ್ತಿದೆಯೋ ಇಲ್ವೋ ಹೇಗೆ ತಿಳಿಯೋದು?

ಉತ್ತರ: ಮೊದಲ ಸೀಸನ್‌ನ 56 ಮ್ಯಾಚಲ್ಲಿ ರೇಟಿಂಗ್ ಕಟ್ಟಿ. ಎರಡನೇ ಸೀಸನ್‌ನ ಪ್ರತಿ ಮ್ಯಾಚಿಗೂ ಮುಂಚಿನ E ಒಂದು ಕಾಲಮ್‌ನಲ್ಲಿ, S ಪಕ್ಕದ ಕಾಲಮ್‌ನಲ್ಲಿ ಹಾಕಿ. ಎರಡರ ವ್ಯತ್ಯಾಸದ ವರ್ಗ ತೆಗೆದು ಸರಾಸರಿ ಮಾಡಿ. ಆಮೇಲೆ ಎಲ್ಲ ಮ್ಯಾಚಿಗೂ E 0.5 ಅಂತ ಹಾಕಿ ಅದೇ ಸರಾಸರಿ ತೆಗೆಯಿರಿ. ನಿಮ್ಮದು ಅದಕ್ಕಿಂತ ಕಮ್ಮಿ ಬಂದರೆ ರೇಟಿಂಗ್ ಏನೋ ಹೇಳುತ್ತಿದೆ. ಬರಲಿಲ್ಲ ಅಂದರೆ K ಜಾಸ್ತಿಯಾಗಿರಬಹುದು, ಅಥವಾ ನಿಮ್ಮ ಟೀಮ್‌ಗಳು ನಿಜಕ್ಕೂ ಸಮಬಲ ಇರಬಹುದು. ಇನ್ನೂ ಒಂದು ನೋಡಿ: E 0.65ರಿಂದ 0.75 ಇದ್ದ ಮ್ಯಾಚ್‌ಗಳನ್ನೆಲ್ಲ ಸೇರಿಸಿದರೆ S ಸರಾಸರಿ 0.70 ಹತ್ತಿರ ಬರಬೇಕು. ಮತ್ತೆ ಮತ್ತೆ 0.58, 0.60 ಬರುತ್ತಿದ್ದರೆ ರೇಟಿಂಗ್ ಅಂತರ ಉಬ್ಬಿದೆ ಅಂತ ಅರ್ಥ.

ಆದರೆ 56 ಮ್ಯಾಚಲ್ಲಿ K 24 ಒಳ್ಳೆಯದೋ 32 ಒಳ್ಳೆಯದೋ ಅಂತ ಹುಡುಕಬೇಡಿ. ಅಷ್ಟು ಸಣ್ಣ ವ್ಯತ್ಯಾಸ ಅಷ್ಟು ಕಮ್ಮಿ ಮ್ಯಾಚಲ್ಲಿ ಕಾಣೋದಿಲ್ಲ, ಕಂಡರೂ ಅದೃಷ್ಟದ ಆಟ.

ಸಾಫ್ಟ್‌ವೇರ್ ಕೆಲಸದಲ್ಲಿರುವವರು: ಭಾನುವಾರದ ಲೀಗ್‌ನಲ್ಲಿ ಅಸಲಿ ಸಮಸ್ಯೆ ಬೇರೆ. ಇವತ್ತು ಮೇನ್ ಸ್ಟ್ರೈಕರ್ ಮದುವೆಗೆ ಹೋಗಿರ್ತಾನೆ, ಗೋಲ್‌ಕೀಪರ್ ಬಂದೇ ಇರಲ್ಲ. ಪ್ರತಿ ಆಟಗಾರನಿಗೂ ರೇಟಿಂಗ್ ಕೊಟ್ಟು ಕೂಡಿಸೋದೇ ಸರಿ.

ಉತ್ತರ: ಸಮಸ್ಯೆ ನಿಜ. ಆದರೆ ಬರೀ ರಿಸಲ್ಟಿಂದ ಆಟಗಾರನ ಪಾಲು ಬೇರ್ಪಡಿಸೋಕೆ 56 ಮ್ಯಾಚ್ ಸಾಲದು. ಒಟ್ಟಿಗೇ ಆಡುವ ಹನ್ನೊಂದು ಜನರಲ್ಲಿ ಗೆಲುವು ಯಾರದು ಅಂತ ಹೇಗೆ ಹಂಚುತ್ತೀರಿ? ನಾನಾದರೆ ಕೀಪರ್ ಇಲ್ಲದ ಮ್ಯಾಚ್‌ಗಳಿಗೆ ಶೀಟಲ್ಲಿ ಗುರುತು ಹಾಕಿಸಿ, ಆ ಮ್ಯಾಚ್‌ಗಳಲ್ಲಿ S ಸರಾಸರಿ E ಗಿಂತ ಎಷ್ಟು ಕೆಳಗಿದೆ ಅಂತ ಮಾತ್ರ ನೋಡುತ್ತೇನೆ.

ಸಾಫ್ಟ್‌ವೇರ್ ಕೆಲಸದಲ್ಲಿರುವವರು: ನನಗಿನ್ನೂ ಒಪ್ಪಿಗೆ ಇಲ್ಲ. ಕೀಪರ್‌ಗೆ, ಸ್ಟ್ರೈಕರ್‌ಗೆ ಮಾತ್ರ ಕೊಟ್ಟು ನೋಡಬಹುದು.

ಕೇಳಿದವರು: ಗುರುತು ಹಾಕೋದು ಈ ವಾರದಿಂದಲೇ ಶುರು ಮಾಡ್ತೀನಿ. ಹಳೇ ಸೀಸನ್‌ಗಳಲ್ಲಿ ಯಾರು ಬಂದಿದ್ದರು ಅನ್ನೋ ಲೆಕ್ಕ ನಮ್ಮ ಹತ್ರ ಇಲ್ಲ. ಮೊತ್ತ ಈಗಷ್ಟೇ ಕೂಡಿ ನೋಡಿದೆ ಮೇಡಂ, 12031 ಬಂತು. ನೀವು ಹೇಳಿದ ಹಾಗೆ ಎರಡನೇ ಟೀಮಿಗೆ ಹೊಸ ರೇಟಿಂಗ್ ಹೋಗ್ತಿದೆ, ಸರಿ ಮಾಡ್ತಿದ್ದೀನಿ.