ಟ್ರೋಫಿ ಒಂದು ಕೈಯಾಗ, ಮೈಕ್ ಒಂದು ಕೈಯಾಗ

ಮನಿ ಗ್ರೂಪಿನ್ಯಾಗ ಪುಣೆದಿಂದ ತಂಗಿ: "ಅಣ್ಣಾ, ನಿನ್ನ ಟೀಮಿನ ಅವಾರ್ಡ್ ವಿಡಿಯೋದಾಗ ಬರೇ ಚಪ್ಪಾಳಿ ಕೇಳ್ತದ, ನಿನ್ನ ಮಾತು ಕೇಳವಲ್ದು. ಸ್ಟೇಜ್ ಮ್ಯಾಲ ಏನಂದಿ? ಬರೂ ಶನಿವಾರ ನಮ್ಮ ಲ್ಯಾಬ್ ಟೀಮಿಗೂ ಅವಾರ್ಡ್ ಅದ, ಎಲ್ಲಾರ ಪರವಾಗಿ ನಾನ ಮಾತಾಡಬೇಕಂತ. ಮೂರು ನಿಮಿಷ ಕೊಟ್ಟಾರ. ಏನು ಹೇಳಬೇಕೋ ತಿಳೀವಲ್ದು."

ಹಾಂ ತಂಗಿ, ಈಗ ಡೊಂಬಿವಲಿ ಸ್ಟೇಷನ್ದಿಂದ ಮನಿಗೆ ನಡಕೋತ ಹೊಂಟೀನಿ. ರಿಕ್ಷಾ ಸಪ್ಪಳ ಬಂದ್ರ ಬ್ಯಾಸರ ಮಾಡ್ಕೋಬ್ಯಾಡ. ಇಷ್ಟೆಲ್ಲಾ ಟೈಪ್ ಮಾಡ್ಲಿಕ್ಕೆ ಆಗೂದಿಲ್ಲ, ಮಾತಾಡೇ ಹೇಳ್ತೀನಿ. ಕಾಕಾ, ಮೌಶಿ, ನೀವೂ ಕೇಳ್ರಿ, ನಿಮಗೂ ಅದ ವಿಡಿಯೋ ಬಂದದ.

ಮೊದಲ ನಾ ಬರದಿದ್ದು ಬ್ಯಾರೇನ ಇತ್ತು. ಎರಡು ಪಾನ. ದೊಡ್ಡ ಸಾಹೇಬ್ರಿಂದ ಶುರು, ಆಮ್ಯಾಲ ಎಚ್.ಆರ್., ಅಕೌಂಟ್ಸ್, ಆಮ್ಯಾಲ ನಮ್ಮ ಟೀಮಿನ 23 ಮಂದಿ ಹೆಸರು ಸಾಲಾಗಿ. ಗಚ್ಚಿ ಮ್ಯಾಲ ನಿಂತು ಮೊಬೈಲ್ ಟೈಮರ್ ಹಚ್ಚಿ ಓದಿದೆ. 5 ನಿಮಿಷ 40 ಸೆಕೆಂಡ್ ಆತು. ನಿನ್ನ ವೈನಿ ಅಲ್ಲೇ ಅರಿವಿ ಒಣಗ ಹಾಕ್ತಿದ್ಲು. "ಸಾಲ್ಯಾಗ ಹಾಜರಿ ತಗೊಂಡಂಗ ಆತು, ಯಾರರೇ ಎಸ್ ಸರ್ ಅಂದಾರು ನೋಡ್ರಿ" ಅಂದ್ಲು. ಸಿಟ್ಟು ಬಂತು, ಆದ್ರ ಖರೇನ ಅಂದಿದ್ಲು. ಹೆಸರಿನ ಯಾದಿ ಓದಿದ್ರ ಏನಾಗ್ತದಂದ್ರ, ಹೆಸರು ಬಂದಾಂವಗ ಒಂದು ಸೆಕೆಂಡ್ ಖುಷಿ, ಉಳದ 22 ಹೆಸರು ಅಂವ ಕೇಳೂದ ಇಲ್ಲ. ನಡುವ ಒಂದು ಹೆಸರು ಬಿಟ್ಟಿ ಅಂದ್ರ ಆ ಮನಷ್ಯಾ ಮಾತ್ರ ರಿಟೈರ್ ಆಗೂತನಕ ಮರಿಯೂದಿಲ್ಲ.

ಅದಕ್ಕ ಆ ಎರಡೂ ಪಾನ ಹರದು, ಒಂದ ಒಂದು ರಾತ್ರಿ ಹಿಡಕೊಂಡೆ. ನಿಮಗೆಲ್ಲಾ ಗೊತ್ತದಲ್ಲ, ನಮ್ಮದು ಭಿವಂಡಿ ಗೋದಾಮು, ಔಷಧಿ ಮತ್ತ ಲಸಿಕಿ ಇಡ್ತೀವಿ. ಲಸಿಕಿ 2ರಿಂದ 8 ಡಿಗ್ರಿ ನಡುವ ಇರಬೇಕು. 8 ದಾಟಬಾರದು ಅಂತ ಎಲ್ಲಾರಿಗೂ ತಿಳೀತದ, 2ರ ಕೆಳಗ ಇಳೀಬಾರದು ಅನ್ನೂದು ಹೊಸಬರಿಗೆ ಲಗೂನ ಹೊಳಿಯೂದಿಲ್ಲ. ಹೆಪಟೈಟಿಸ್ ಬಿ ಲಸಿಕಿ, ಧನುರ್ವಾಯು ಲಸಿಕಿ, ಇವು ಒಮ್ಮೆ ಹೆಪ್ಪುಗಟ್ಟಿದ್ರ ಮುಗೀತು. ಕರಗಿದ ಮ್ಯಾಲೂ ಕೆಲಸಕ್ಕ ಬರೂದಿಲ್ಲ, ಹೊರಗಿಂದ ನೋಡಿದ್ರ ಬಾಟ್ಲಿ ಮಾತ್ರ ಮೊದಲಿನಂಗ ಕಾಣಸ್ತಿರ್ತದ.

ಆ ಜುಲೈ ರಾತ್ರಿ ಕರೆಂಟ್ ಹೋತು, ಜನರೇಟರ್ ಒಳಗ ಮಳಿ ನೀರು ಹೊಕ್ಕಿತ್ತು. ಕಥಿ ನಿನಗ ಗೊತ್ತದ, ಮಾತಿನೊಳಗ ಅದನ್ನ ಹ್ಯಾಂಗ ತಂದೆ ಅನ್ನೂದು ಈಗ ಹೇಳ್ತೀನಿ. ಆದ್ರ ಅದಕ್ಕೂ ಮೊದಲ ಒಂದು ಮಾತು. ಬರಿಯೂಮುಂದ ನಾ ಬರದಿದ್ದು, "ನಾ ಮೆಕ್ಯಾನಿಕ್‌ಗ ಫೋನ್ ಮಾಡಿದೆ" ಅಂತ. ನನಗ ಹಂಗ ನೆನಪಿತ್ತು, ದೇವರಾಣಿ. ಏನರೇ ತಪ್ಪಾದೀತು ಅಂತ ರಾತ್ರಿ ಪಾಳಿ ರಜಿಸ್ಟರ್ ತಗದು ನೋಡಿದ್ರ, ಫೋನ್ ಮಾಡಿದಾಂವ ಗೇಟಿನ ವಾಚ್‌ಮನ್ ಕಾಕಾ, 11 ಗಂಟೆ 52 ನಿಮಿಷಕ್ಕ, ತನ್ನ ಸ್ವಂತ ಮೊಬೈಲಿನಿಂದ. ನಾ ಫೋನ್ ಮಾಡಿದ್ದು 12:20ಕ್ಕ, ಅಷ್ಟೊತ್ತಿಗೆ ಮೆಕ್ಯಾನಿಕ್ ಹಾದ್ಯಾಗಿದ್ದ. ನೋಡು, ಒಂದು ವರ್ಷದಾಗ ನನ್ನ ತಲಿ ಆ ಕೆಲಸ ತನ್ನ ಹೆಸರಿಗೆ ಬರಕೊಂಡಿತ್ತು. ಅದನ್ನ ಹಂಗ ಸ್ಟೇಜ್ ಮ್ಯಾಲ ಹೇಳಿದ್ದೆ ಅಂದ್ರ, ಹಿಂದಿನ ಸಾಲಿನ್ಯಾಗ ಕೂತ ಕಾಕಾ ಏನೂ ಅಂತಿದ್ದಿಲ್ಲ, ಆದ್ರ ಇಡೀ ಟೀಮಿಗೆ ಗೊತ್ತಾಗ್ತಿತ್ತು.

ಇನ್ನೊಂದು ತ್ರಾಸ. ಅವಾರ್ಡಿನ ಕಾಗದದಾಗ 14 ಹೆಸರು ಅಷ್ಟ ಇದ್ವು. ಉಳದ ಒಂಬತ್ತು ಮಂದಿ ಗುತ್ತಿಗಿದಾರನ ಕಡಿಯಿಂದ ಬರೂವ್ರು, ಲೋಡಿಂಗ್ ಮಾಡೂ ಹುಡುಗರು, ಪ್ಯಾಕಿಂಗ್ ಹೆಣ್ಮಕ್ಕಳು, ವಾಚ್‌ಮನ್. ಕಂಪನಿ ಲೆಕ್ಕದಾಗ ಅವರು ಟೀಮ್ ಅಲ್ಲ. ಎಚ್.ಆರ್.ಗೆ ಹೋಗಿ ಕೇಳಿದೆ, ಕಾಗದ ಬದಲಾಗೂದಿಲ್ಲ ಅಂದ್ರು. ಹಂಗಾದ್ರ ಊಟದ ಪಾಸರೇ ಒಂಬತ್ತು ಕೊಡ್ರಿ ಅಂದೆ, ಅದನ್ನ ಕೊಟ್ರು. ಎಲ್ಲಾರೂ ಬಂದು ಕೂತಮ್ಯಾಲ "ನಾವು 23 ಮಂದಿ" ಅಂತ ಮೈಕಿನ್ಯಾಗ ಹೇಳಿದ್ರ ಯಾರು ಬ್ಯಾಡಂತಾರ?

ಈಗ ಮಾತು ಕೇಳು. ಮೊದಲ ಒಂದು ಸಾಲು ಮರಾಠಿ, ಉಳದದ್ದು ನಮ್ಮ ಮುಂಬೈ ಹಿಂದಿ. ನಾ ಕನ್ನಡದಾಗ ಹೇಳ್ತೀನಿ.

"ನಮಸ್ಕಾರ. ಜುಲೈದಾಗ ಒಂದು ರಾತ್ರಿ 11:40ಕ್ಕ ನಮ್ಮ ಗೋದಾಮಿನ ಕರೆಂಟ್ ಹೋತು. ಜನರೇಟರ್ ಚಾಲೂ ಆಗಲಿಲ್ಲ. ಕೋಲ್ಡ್ ರೂಮ್ 4 ಡಿಗ್ರಿ ತೋರಸ್ತಿತ್ತು. ನಾ ಮನ್ಯಾಗ ಮಲಗಿದ್ದೆ. ಗೇಟಿನ ಕಾಕಾ ತಮ್ಮ ಫೋನಿನಿಂದ ಮೆಕ್ಯಾನಿಕ್‌ನ ಕರದ್ರು. ರಾತ್ರಿ ಪಾಳಿ ಸುಪರ್‌ವೈಸರ್ ಕೋಲ್ಡ್ ರೂಮ್ ಬಾಗಿಲಕ್ಕ ಕುರ್ಚಿ ಅಡ್ಡ ಹಾಕಿ ಕೂತ್ರು, ಯಾರನ್ನೂ ಒಳಗ ಬಿಡಲಿಲ್ಲ, ಯಾಕಂದ್ರ ಬಾಗಿಲಾ ತಗದಷ್ಟೂ ಥಂಡಿ ಹೊರಗ ಹೋಗ್ತದ. ಕಡೀ ಉಪಾಯ ಅಂತ ಹುಡುಗರು ಥಂಡಿ ಡಬ್ಬಿ ತಯಾರ ಮಾಡ್ಲಿಕ್ಕೆ ಹತ್ತಿದ್ರು. ಅವಸರದಾಗ ಫ್ರೀಜರಿನಿಂದ ತಗದ ಐಸ್ ಪ್ಯಾಕ್ ಹಂಗ ಡಬ್ಬ್ಯಾಗ ಹಾಕೂದ್ರಾಗ, ಲಸಿಕಿ ಹೆಪ್ಪುಗಟ್ತದ ಅಂತ ಪ್ಯಾಕಿಂಗ್ ತಾಯಿ ಕೈ ಹಿಡದ್ರು. ಒಂದೊಂದು ಪ್ಯಾಕ್ ಕಿವಿ ಹತ್ರ ಹಿಡದು ಅಳ್ಳಾಡಿಸಿ, ಒಳಗ ನೀರಿನ ಸಪ್ಪಳ ಬಂದ ಮ್ಯಾಲನ ಹಾಕ್ಲಿಕ್ಕೆ ಬಿಟ್ರು. 3:10ಕ್ಕ ಕರೆಂಟ್ ಬಂತು. ಡಿಗ್ರಿ ಬರಕೊಳ್ಳೂ ಲಾಗರಿನ್ಯಾಗ ಎಲ್ಲಾದಕ್ಕಿಂತ ಮ್ಯಾಲಿನ ಅಂಕಿ 6.8. ಡಬ್ಬಿ ಬೇಕಾಗಲೇ ಇಲ್ಲ. ಆ ರಾತ್ರಿ ಇದ್ದವರು ಐದು ಮಂದಿ. ಮುಂಜಾನೆ ಬಂದು ಒಂದೊಂದು ಪೆಟ್ಟಿಗಿ ಎಣಿಸಿದವರು, ಒದ್ದಿ ರಟ್ಟು ಬದಲ ಮಾಡಿದವರು, ಮಧ್ಯಾಹ್ನ ನೀರು ತುಂಬಿದ ರಸ್ತ್ಯಾಗ ಟೆಂಪೋ ಹೊಡದವರು ಉಳದ ಹದಿನೆಂಟು ಮಂದಿ. ಹೋದ ವರ್ಷ ನಾವು ಕೇಳಿದ ಎರಡನೇ ಲಾಗರ್ ಮ್ಯಾನೇಜ್‌ಮೆಂಟ್ ಕೊಟ್ಟಿತ್ತು, ಅದಕ್ಕ ಇವತ್ತು ಆ 6.8 ನಮ್ಮ ಕಡೆ ಪುರಾವಾ ಅದ. ಅದಕ್ಕ ಧನ್ಯವಾದ. ನಾವು 23 ಮಂದಿ, ಎಲ್ಲಾರೂ ಎದ್ದು ನಿಲ್ರಿ."

ಅಷ್ಟ. ಸ್ಟೇಜ್ ಮ್ಯಾಲ ಆ ಐದರಾಗ ನಾಕು ಮಂದಿ ಹೆಸರು ಹೇಳೀನಿ, ಗ್ರೂಪಿನ್ಯಾಗ ಬ್ಯಾಡಂತ ಬಿಟ್ಟೆ. ಐಸ್ ಪ್ಯಾಕ್ ಹುಡುಗನ ಹೆಸರು ಮಾತ್ರ ಅಲ್ಲೂ ಹೇಳಲಿಲ್ಲ. ಎರಡು ದಿನ ಮೊದಲ ಅವನ ಕರದು, ಇಂಥಾ ಮಾತು ಬರ್ತದ, ನಿನಗೇನರೇ ಅನಸ್ತದೇನು ಅಂತ ಕೇಳಿದ್ದೆ. "ಹೆಸರು ಬ್ಯಾಡ್ರಿ, ಕಥಿ ಇರಲಿ" ಅಂದ. ಎದ್ದು ನಿಲ್ರಿ ಅಂದಾಗ ಎಲ್ಲಾರಕಿಂತ ಮೊದಲ ಎದ್ದಾಂವ ಅವನ.

ಇನ್ನ ಕೈಕಾಲಿನ ಸಂಗತಿ. ಇದನ್ನ ನನಗ ಯಾರೂ ಹೇಳಿದ್ದಿಲ್ಲ. ಟ್ರೋಫಿ ಕೈಯಾಗ ಕೊಡ್ತಾರ, ಫೋಟೋ ತಗೀತಾರ, ಮರುಕ್ಷಣ ಮೈಕ್ ಕೊಡ್ತಾರ. ಒಂದು ಕೈಯಾಗ ಟ್ರೋಫಿ, ಒಂದು ಕೈಯಾಗ ಮೈಕ್, ಚೀಟಿ ಎಲ್ಲಿ ಹಿಡೀತಿ? ನಮ್ಮ ಮುಂದ ಹೋದ ಟೀಮಿನ ಲೀಡರ್ ಟ್ರೋಫಿ ಕಂಕುಳಾಗ ಇಟ್ಕೊಂಡು ಕಿಸೆದಾಗ ಚೀಟಿ ಹುಡಕಿ ಹುಡಕಿ ಹೈರಾಣಾದ. ನಾ ಪ್ಯಾಕಿಂಗ್ ತಾಯಿನ್ನ ಕೂಡ ಸ್ಟೇಜ್ ಮ್ಯಾಲ ಕರಕೊಂಡು ಹೋಗಿದ್ದೆ, ಫೋಟೋ ಆದ ಕೂಡ್ಲೆ ಟ್ರೋಫಿ ಅವರ ಕೈಯಾಗ ಕೊಟ್ಟೆ. ನೀನೂ ಒಬ್ಬರನ್ನ ಕರಕೊಂಡು ಹೋಗು, ಮೊದಲ ಹೇಳಿ ಇಡು, ಇಲ್ಲಂದ್ರ ಅವರೂ ಗಾಬರಿ ಆಗ್ತಾರ. ಚೀಟಿ ಅಂಗೈಯಷ್ಟು ಇರಲಿ, ಪೂರಾ ಮಾತು ಬರೀಬ್ಯಾಡ, ಹೆಸರು ಮತ್ತ ಅಂಕಿ ಅಷ್ಟ ಬರಿ. ತಪ್ಪೂದು ಅವ ಎರಡು.

ಮೂರು ನಿಮಿಷ ಅಂದಾರಲ್ಲ, ಅದನ್ನ ನಂಬಬ್ಯಾಡ. ನನಗೂ ಮೂರ ಅಂದಿದ್ರು. ಡಾನ್ಸ್ ಎಳೀತು, ಭಾಷಣ ಎಳೀತು, ನಮ್ಮ ಪಾಳಿ ಬರೂತನಕ ಹತ್ತೂವರಿ. ಹೊರಗ ಊಟದ ಸಾಲು ಶುರು ಆಗಿತ್ತು. ಮೆಟ್ಟಿಲಾ ಹತ್ತೂಮುಂದ ನಿರೂಪಕಿ ಕಿವಿಯಾಗ "ದೋನ್ ಮಿನಿಟ್" ಅಂದ್ಲು. ನಾ ಮೊದಲ ಯಾವ ತುಂಡು ಬಿಡಬೇಕು ಅಂತ ಗೆರಿ ಹಾಕಿ ಇಟ್ಟಿದ್ದೆ, ಹಂಗಾಗಿ ಹತ್ತು ವರ್ಷದ ಹಿಂದ ಗೋದಾಮು ಹ್ಯಾಂಗಿತ್ತು ಅನ್ನೂ ಭಾಗ ಹಾರಿಸಿ ಸೀದಾ ಜುಲೈಗೆ ಬಂದೆ. ಯಾರಿಗೂ ಗೊತ್ತಾಗಲಿಲ್ಲ. ಖರೇ ಹೇಳಬೇಕಂದ್ರ ಆ ಭಾಗ ಮೊದಲಿಗೇ ಬೇಕಾಗಿದ್ದಿಲ್ಲ.

ಒಂದು ತಪ್ಪು ಮಾತ್ರ ಆತು, ಅದನ್ನೂ ಹೇಳಿಬಿಡ್ತೀನಿ, ಹ್ಯಾಂಗೂ ವೈನಿ ಹೇಳ್ತಾಳ. ಎಲ್ಲಾರೂ ಎದ್ದು ನಿಂತ್ರು, ಚಪ್ಪಾಳಿ ಬಿತ್ತು, ನನಗೂ ಉಮೇದ ಬಂತು. ಚೀಟಿಯಾಗ ಇಲ್ಲದ್ದು ಬಾಯಿಗೆ ಬಂತು: "ರಾತ್ರಿ ಎಲ್ಲಾ ದಾರಿ ಕಾಯ್ದ ನಮ್ಮ ಹೆಂಡಂದಿರಿಗೂ ಧನ್ಯವಾದ" ಅಂದೆ. ಎದ್ದು ನಿಂತವರಾಗ ಏಳು ಮಂದಿ ಹೆಣ್ಮಕ್ಕಳು! ಒಬ್ಬಾಕಿ ಅಲ್ಲಿಂದನ ಜೋರಾಗಿ, "ಸರ್, ಆ ರಾತ್ರಿ ಪೋರಗೋಳಿಗೆ ಉಣಿಸಿ ಮಲಗಿಸಿದಾಂವ ನನ್ನ ಗಂಡ" ಅಂದ್ಲು. ಇಡೀ ಹಾಲ್ ನಕ್ಕಿತು. ವಿಡಿಯೋದಾಗ ಕಡೀಕ ಕೇಳೂದು ಚಪ್ಪಾಳಿ ಅಲ್ಲ, ಆ ನಗಿ.

ಹಾಂ, ಮನಿ ಬಂತು. ನಿಂದು ರಕ್ತ ತಪಾಸಣಿ ಲ್ಯಾಬ್ ಅಲ್ಲ? ದಾವಾಖಾನಿಯಿಂದ ಸ್ಯಾಂಪಲ್ ತರೂ ಬೈಕಿನ ಹುಡುಗರು ನಿಮ್ಮ ಅವಾರ್ಡ್ ಕಾಗದದಾಗ ಅದಾರೇನು? ಅದನ್ನ ನಾಳೆ ಮುಂಜಾನೆ ಮೊದಲ ಕೇಳು. ಪಾಸ್ ಬೇಕಾದ್ರ ಇನ್ನೂ ನಾಕು ದಿನ ಅದಾವ.