ಕುರುವಾಯಿ ತೂತು ಮಾಡಿತು, ಕೆಂಪು ಮೂತಿ ಹುಳು ಒಳಗೆ ಬಂತು

ಪ್ರಶ್ನೆ, ಗೋವಾದ ಕಾಣಕೋಣದಿಂದ: ಸರ್, 60 ತೆಂಗಿನ ಮರಗಳ ತೋಟ, ಎಲ್ಲವೂ 9 ವರ್ಷದವು. ಹೊಸ ಗರಿಗಳು ಕತ್ತರಿಯಾಡಿಸಿದಂತೆ ವಿ ಆಕಾರದಲ್ಲಿ ತುಂಡಾಗಿ ಬಿಚ್ಚಿಕೊಳ್ಳುತ್ತಿದ್ದವು. ಜೂನ್‌ನಲ್ಲಿ ಕಾಯಿ ಕೀಳುವ ಪಾಡೇಲಿಯನ್ನು ಹತ್ತಿಸಿ ಅಂಥ ಹಸಿ ಗರಿಗಳನ್ನೆಲ್ಲ ಬುಡಕ್ಕೆ ಕಡಿಸಿದೆ. ಈಗ ಒಂದು ಮರದ ಕಾಂಡದಿಂದ ಕಂದು ರಸ ಸೋರುತ್ತಿದೆ. ಯಾವ ಔಷಧಿ ಸಿಂಪಡಿಸಲಿ?

ಪುಣೆಯಿಂದ: ನಮ್ಮ ಊರು ಅಂಕೋಲೆ. ಅಜ್ಜ ಸುಳಿಯ ಸುತ್ತ ಮರಳು, ಉಪ್ಪು ಹಾಕುತ್ತಿದ್ದರು. ಅಷ್ಟು ಮಾಡಿ, ಎರಡೂ ಹುಳು ಹೋಗುತ್ತವೆ.

ನಿವೃತ್ತ ತೋಟಗಾರಿಕೆ ಅಧಿಕಾರಿ, ಮಡಗಾಂವ್: ಮೊದಲು ರಸ ಸೋರುವ ಮರ. ಅದು ಕೆಂಪು ಮೂತಿ ಹುಳುವಿನ ಕೆಲಸ, ಸಿಂಪಡಣೆ ಅದನ್ನು ಮುಟ್ಟುವುದಿಲ್ಲ. ಗರಿ ಕತ್ತರಿಸಿದ್ದು ಕುರುವಾಯಿ. ಅದರಲ್ಲಿ ಮರ ತಿನ್ನುವುದು ಬೆಳೆದ ದುಂಬಿ, ಅದರ ಮರಿ ಇರುವುದು ಗೊಬ್ಬರದಲ್ಲಿ. ಮೂತಿ ಹುಳುವಿನಲ್ಲಿ ಮರಿಯೇ ಕಾಂಡದೊಳಗೆ ಕೂತು ತಿನ್ನುತ್ತದೆ. ಕುರುವಾಯಿಯ ತೂತಿನ ಬಾಯಲ್ಲಿ ಜಗಿದ ನಾರು ಸಿಗುತ್ತದೆ. ಮೂತಿ ಹುಳುವಿನ ತೂತಿನಿಂದ ಅಂಟು ರಸ ಇಳಿದು ಹುಳಿ ವಾಸನೆ ಬರುತ್ತದೆ, ಕಾಂಡಕ್ಕೆ ಕಿವಿ ಇಟ್ಟರೆ ಕರಕರ ಕೇಳಿಸುವುದೂ ಉಂಟು. ಹಸಿ ಗಾಯದ ವಾಸನೆಗೇ ಈ ಹುಳು ಬಂದು ಮೊಟ್ಟೆ ಇಡುವುದು. ಕುರುವಾಯಿ ಕೊರೆದ ತೂತು ಒಂದು ಬಾಗಿಲು, ನೀವು ಬುಡಕ್ಕೆ ಕಡಿಸಿದ ಗರಿ ಇನ್ನೊಂದು. ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ 120 ಸೆಂಟಿಮೀಟರ್ ಉದ್ದ ಬಿಡಿ. ಮರಿ ಆ ದಾರಿಯಲ್ಲಿ ಕಾಂಡ ತಲುಪುವುದಿಲ್ಲ. ಹತ್ತಲು ಕಾಂಡದಲ್ಲಿ ಮೆಟ್ಟಿಲು ಕೆತ್ತಿಸುವುದನ್ನೂ ನಿಲ್ಲಿಸಿ.

ಸುಳಿಯನ್ನು ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾಗಿದ್ದರೆ ಮರ ಉಳಿಯಬಹುದು. ಕೆಳಗಿನ ತೂತುಗಳನ್ನೆಲ್ಲ ಮಣ್ಣಿನಿಂದ ಮುಚ್ಚಿ, ಎಲ್ಲಕ್ಕಿಂತ ಮೇಲಿನ ತೂತಿಗೆ ಆಲಿಕೆ ಇಟ್ಟು, ಲೀಟರ್ ನೀರಿಗೆ 1 ಮಿಲಿಲೀಟರ್ ಇಮಿಡಾಕ್ಲೋಪ್ರಿಡ್ 17.8 ಬೆರೆಸಿ ಸುರಿದು ಅದನ್ನೂ ಮುಚ್ಚಿ. ಮೊದಲೇ ಕಾಯಿ, ಎಳನೀರು ಇಳಿಸಿಬಿಡಿ. ಆಮೇಲೆ ಕನಿಷ್ಠ 45 ದಿನ ಆ ಮರದ ಎಳನೀರು ಯಾರೂ ಕುಡಿಯಬಾರದು. ವಾರದ ಬಳಿಕವೂ ಹೊಸ ರಸ, ಹೊಸ ನಾರು ಬರುತ್ತಿದ್ದರೆ ಇನ್ನೊಮ್ಮೆ ಸುರಿಯಿರಿ. ಸುಳಿ ಕೈಗೆ ಬಂದುಬಿಟ್ಟರೆ ದುಃಖಪಟ್ಟರೂ ಕಡಿಯಲೇಬೇಕು. ಕಾಂಡ ಸೀಳಿ ಒಳಗಿನ ಮರಿ, ನಾರಿನ ಗೂಡು ಎಲ್ಲವನ್ನೂ ಸುಡಿ. ಬಿದ್ದಲ್ಲೇ ಬಿಟ್ಟರೆ ಮುಂದಿನ ಮೂತಿ ಹುಳುಗಳು ಅದರಿಂದಲೇ ಏಳುತ್ತವೆ, ಕೊಳೆತ ಮೇಲೆ ಕುರುವಾಯಿಯೂ ಅಲ್ಲೇ ಮೊಟ್ಟೆ ಇಡುತ್ತದೆ.

ಪುಣೆಯವರ ಅಜ್ಜನ ಮರಳು ಸರಿ, ಉಪ್ಪು ಮಳೆಗೆ ಕರಗಿ ಹೋಗುತ್ತದೆ. ಅದರ ಬದಲು 250 ಗ್ರಾಂ ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ, ಸುಳಿಯ ಪಕ್ಕದ ಮೂರು ಗರಿಗಳ ಬುಡದ ಸಂದಿಗೆ ತುಂಬಿ, ವರ್ಷಕ್ಕೆ ಮೂರು ಸಲ. ಇದು ಕುರುವಾಯಿಯನ್ನು ತಡೆಯುತ್ತದೆ. ಕಾಂಡದೊಳಗೆ ಸೇರಿದ ಮೂತಿ ಹುಳುವಿಗೆ ಏನೂ ಮಾಡದು.

ಇನ್ನು ಹೇಳಿ, ಗೊಬ್ಬರದ ಗುಂಡಿ ಎಲ್ಲಿದೆ? ಬಿದ್ದ ಮರ ಏನಾದರೂ ಕೊಳೆಯುತ್ತಿದೆಯೇ?

ಮುಲುಂಡಿನಿಂದ: ನಮ್ಮ ಸೊಸೈಟಿಯ ಗೇಟಿನ ಬಳಿಯ ಅಲಂಕಾರಿಕ ಖರ್ಜೂರದ ತಲೆ ಮುರಿದ ಕೊಡೆಯಂತೆ ಜೋತಿದೆ. ಗೊಬ್ಬರ ಹಾಕಿದರೆ ಸರಿಹೋಗುತ್ತದೆಯೇ?

ಅಧಿಕಾರಿ: ಇಲ್ಲ ಅಕ್ಕ, ಅದು ಹಸಿವಲ್ಲ. ಖರ್ಜೂರಕ್ಕೂ ಇದೇ ಮೂತಿ ಹುಳು ಬೀಳುತ್ತದೆ, ತಲೆ ಜೋತ ಮೇಲೆ ಉಳಿಯುವುದು ಅಪರೂಪ. ಮಕ್ಕಳನ್ನು ಅದರ ಕೆಳಗೆ ಆಡಲು ಬಿಡಬೇಡಿ. ಮುಂಬಯಿಯಲ್ಲಿ ಮರ ಕಡಿಯಲು ಪಾಲಿಕೆಯ ಅನುಮತಿ ಬೇಕು, ಇಂದೇ ಅರ್ಜಿ ಕೊಡಿ.

ಕಾಣಕೋಣದಿಂದ: ಸುಳಿ ಗಟ್ಟಿಯಾಗಿದೆ ಸರ್! ಬಾವಿಯ ಪಕ್ಕ ಸಗಣಿ ಗುಂಡಿ ಇದೆ, ಎರಡು ವರ್ಷದಿಂದ ಖಾಲಿ ಮಾಡಿಲ್ಲ. ಗಾಳಿಗೆ ಬಿದ್ದ ಎರಡು ಮರವೂ ಅಲ್ಲೇ ಇವೆ. ಈಗ ಅಗೆದರೆ ಬಿಳಿ ದಪ್ಪ ಹುಳುಗಳು, 40ಕ್ಕೂ ಹೆಚ್ಚು. ಗೊಬ್ಬರದ ಹುಳು ಒಳ್ಳೆಯದೆಂದುಕೊಂಡಿದ್ದೆ.

ಅಧಿಕಾರಿ: ಅವೇ ಕುರುವಾಯಿಯ ಮರಿಗಳು. ಮೊಟ್ಟೆ ದುಂಬಿಯಾಗಲು 5–6 ತಿಂಗಳು ಬೇಕು. ನಿಮ್ಮ ಗುಂಡಿ ಎರಡು ವರ್ಷದಿಂದ ಅವುಗಳ ತೊಟ್ಟಿಲು. ಗುಂಡಿ ಪೂರ್ತಿ ಮಗುಚಿ ಮರಿ ಆರಿಸಿ ಕೊಲ್ಲಿ, ಕೋಳಿಗಳನ್ನೂ ಬಿಡಿ. ಉಳಿದ ಗೊಬ್ಬರಕ್ಕೆ ಮೆಟಾರೈಜಿಯಂ ಶಿಲೀಂಧ್ರವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬೆರೆಸಿ. ಅದಕ್ಕೆ ತೇವ, ನೆರಳು ಬೇಕು. ಒಣ ಗುಂಡಿಯಲ್ಲಿ ಹಣ ದಂಡ. ಸತ್ತ ಮರಿಯ ಮೈಮೇಲೆ ಹಸಿರು ಪುಡಿ ಕಂಡರೆ ಕೆಲಸ ಮಾಡಿದೆಯೆಂದು ತಿಳಿಯಿರಿ. ಬಿದ್ದ ಮರಗಳನ್ನು ಸೀಳಿ ಒಣಗಿಸಿ ಸುಡಿ.

ಸತ್ತರಿಯಿಂದ: ಕುರುವಾಯಿಯನ್ನು ವಾಸನೆಯಿಂದ ಸೆಳೆಯುವ ಲಿಂಗಾಕರ್ಷಕ ಬಲೆ ಹೇಳಲಿಲ್ಲವಲ್ಲ? ನನ್ನ ತೋಟದಲ್ಲಿ ಬಕೆಟ್ ತುಂಬ ಬೀಳುತ್ತಿವೆ.

ಅಧಿಕಾರಿ: ಬಿದ್ದವು ಎಷ್ಟು ಎಂಬುದಕ್ಕಿಂತ ಹೊಸ ಗರಿಯಲ್ಲಿ ಗಾಯ ಕಡಿಮೆಯಾಯಿತೇ?

ಸತ್ತರಿಯಿಂದ: ಬಲೆಯ ಸುತ್ತಲಿನ ನಾಲ್ಕು ಮರಗಳಲ್ಲಿ ಹೆಚ್ಚಾಗಿದೆ. ಆದರೂ ಉಳಿದ ಕಡೆ ಕಡಿಮೆ.

ಅಧಿಕಾರಿ: ವಾಸನೆಗೆ ಬಂದದ್ದೆಲ್ಲ ಬಕೆಟ್ಟಿಗೆ ಬೀಳುವುದಿಲ್ಲ. ಹೆಕ್ಟೇರಿಗೆ ಒಂದರಂತೆ ಇಡೀ ಕೇರಿಯವರು ಸೇರಿ, ಎಳೆ ಮರಗಳಿಂದ ದೂರ ಅಂಚಿನಲ್ಲಿ ಇಟ್ಟರೆ ನಾನು ಒಪ್ಪುತ್ತೇನೆ. 60 ಮರಗಳ ಒಂಟಿ ತೋಟಕ್ಕೆ ಸದ್ಯ ಬೇಡ.

ಸತ್ತರಿಯಿಂದ: ನಾನು ತೆಗೆಯುವುದಿಲ್ಲ ಸರ್. ಬಲೆಯನ್ನು ಬೇಲಿಗೆ ಸರಿಸಿ ಗಾಯ ಎಣಿಸಿ ತಿಳಿಸುತ್ತೇನೆ.

ಕಾಣಕೋಣದಿಂದ: ಪಕ್ಕದ ತೋಟದಲ್ಲೂ ಮೂರು ಮರ ಬಿದ್ದಿವೆ, ಒಡೆಯರು ಪೋರ್ಚುಗಲ್‌ನಲ್ಲಿದ್ದಾರೆ. ಅದನ್ನು ಯಾರು ಸುಡಬೇಕು?